ಮಾನಸಿಕ ಆರೋಗ್ಯ ನರ್ಸಿಂಗ್: ಥೆರಪ್ಯೂಟಿಕ್ ಕಮ್ಯುನಿಕೇಶನ್ ಅಸೈನ್‌ಮೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್ ಶುರುವಾದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಇವು. ವಾರ್ಡಿನಲ್ಲಿ ಕೇಳಿದ್ದು, ರಾತ್ರಿ ಮೆಸೇಜಿನಲ್ಲಿ ಕೇಳಿದ್ದು, ರೆಕಾರ್ಡ್ ಬುಕ್ ವಾಪಸ್ ಬಂದ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಕೇಳಿದ್ದು, ಎಲ್ಲ ಇಲ್ಲಿವೆ. ರೋಲ್ ಪ್ಲೇಯಲ್ಲಿ ಬರುವ ರೋಗಿ ಕಲ್ಪಿತ ವ್ಯಕ್ತಿ.

## ಶುರು ಮಾಡುವ ಮೊದಲು

ರೋಗಿ ಜೊತೆ ಚೆನ್ನಾಗಿ ಮಾತಾಡೋದು ತಾನೇ ಮೇಡಂ? ಅದಕ್ಕೂ ಅಸೈನ್‌ಮೆಂಟ್ ಬೇಕಾ?

ಚೆನ್ನಾಗಿ ಮಾತಾಡೋದು ಬೇರೆ, ಇದು ಬೇರೆ. ಪಕ್ಕದ ಮನೆಯವರ ಜೊತೆ ಮಾತಾಡುವಾಗ ಇಬ್ಬರೂ ಹೇಳಿಕೊಳ್ಳುತ್ತೀರಿ, ಇಬ್ಬರಿಗೂ ಹಗುರ ಆಗುತ್ತದೆ. ಇಲ್ಲಿ ಮಾತು ರೋಗಿಯ ಸಲುವಾಗಿ ಮಾತ್ರ. ನಿಮ್ಮ ಪ್ರತಿ ಮಾತಿಗೂ ಒಂದು ಉದ್ದೇಶ ಇರಬೇಕು, ಆ ಉದ್ದೇಶ ಈಡೇರಿತಾ ಅಂತ ಆಮೇಲೆ ನೋಡಿಕೊಳ್ಳಬೇಕು. 1952ರಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ ನರ್ಸ್ ಮತ್ತು ರೋಗಿಯ ಸಂಬಂಧವನ್ನೇ ನರ್ಸಿಂಗಿನ ನಡುಮಧ್ಯಕ್ಕೆ ತಂದರು. ಸೈಕಿಯಾಟ್ರಿ ವಾರ್ಡಿನಲ್ಲಿ ಡ್ರೆಸ್ಸಿಂಗ್ ಟ್ರೇ ಇಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವ ಮುಖ್ಯ ಸಾಧನ ನೀವೇ. ಆ ಸಾಧನವನ್ನು ಹೇಗೆ ಬಳಸಿದಿರಿ ಎಂಬ ಲೆಕ್ಕ ಕೊಡುವುದೇ ಈ ಅಸೈನ್‌ಮೆಂಟ್. ರೋಗಿಯ ಜೊತೆಗೋ ರೋಲ್ ಪ್ಲೇಯಲ್ಲೋ ಆಡಿದ ಮಾತನ್ನು ಸಾಲು ಸಾಲಾಗಿ ಬರೆದು ವಿಶ್ಲೇಷಿಸಬೇಕು, ಅದಕ್ಕೇ ಪ್ರೋಸೆಸ್ ರೆಕಾರ್ಡಿಂಗ್ ಅನ್ನುವುದು.

ಪ್ರೋಸೆಸ್ ರೆಕಾರ್ಡಿಂಗ್‌ಗೆ ಎಷ್ಟು ಕಾಲಂ ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ, ನಿಮ್ಮ ಕಾಲೇಜಿನ ನಮೂನೆಯನ್ನೇ ಹಿಡಿಯಿರಿ. ಸಾಮಾನ್ಯವಾಗಿ ನಾಲ್ಕು ಇರುತ್ತವೆ: ಯಾರು ಮಾತಾಡಿದ್ದು, ಏನು ಮಾತಾಡಿದ್ದು, ಅದರಿಂದ ನಿಮಗೆ ತಿಳಿದದ್ದು, ಬಳಸಿದ ಟೆಕ್ನಿಕ್. ಮಾತಿನ ಜೊತೆಗೇ ಮುಖಭಾವ, ಕೈ, ದನಿ, ಕೂತ ರೀತಿಯನ್ನೂ ಬರೆಯಬೇಕು. ಮೊದಲ ಪುಟದಲ್ಲಿ ರೋಗಿಯ ವಿವರ, ಜಾಗ, ಎಷ್ಟು ಹೊತ್ತು ಮಾತಾಡಿದಿರಿ, ಇವತ್ತಿನ ಉದ್ದೇಶ ಏನು ಅಂತ ಇರಲಿ. "ರೋಗಿಯ ಜೊತೆ ಒಳ್ಳೆಯ ಸಂಬಂಧ ಬೆಳೆಸುವುದು" ಅಂತ ಎಲ್ಲರೂ ಬರೆಯುತ್ತಾರೆ. ಅದಕ್ಕಿಂತ "ನಿದ್ದೆ ಮತ್ತು ಊಟದ ಬಗ್ಗೆ ರೋಗಿ ತನ್ನ ಮಾತಲ್ಲೇ ಹೇಳುವಂತೆ ಮಾಡುವುದು" ಅಂತ ಬರೆದರೆ, ಅದು ಆಯಿತೋ ಇಲ್ಲವೋ ಕೊನೆಯಲ್ಲಿ ಹೇಳಬಹುದು.

ನಾನು ಇನ್ನೊಂದು ಕಾಲಂ ಹಾಕಿಸುತ್ತೇನೆ: ಆ ಹೊತ್ತಿಗೆ ನಿಮಗೆ ಏನನ್ನಿಸಿತು. ಭಯ ಆಯಿತು, ಕಣ್ಣು ತುಂಬಿತು, ಬೇಗ ಎದ್ದು ಹೋಗಬೇಕು ಅನ್ನಿಸಿತು, ಇದ್ದದ್ದು ಇದ್ದ ಹಾಗೆ. ವಿಷಯ ಬದಲಿಸಿದ ಕಡೆಯಲ್ಲೆಲ್ಲ ಕಾರಣ ಸಾಮಾನ್ಯವಾಗಿ ಈ ಕಾಲಂನಲ್ಲೇ ಸಿಗುತ್ತದೆ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಂಡು ಬರೆದರೆ ನಡೀತದಾ? ಮಾತು ನೆನಪೇ ಇರಲ್ಲ.

ಬೇಡ. ಗೌಪ್ಯತೆ ರೋಗಿಯ ಹಕ್ಕು ಅಂತ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ಹೇಳುತ್ತದೆ. ಎದುರಿಗೆ ಕೂತು ನೋಟ್ ಬರೆಯುವುದೂ ಬೇಡ, ರೋಗಿ ಪೆನ್ನನ್ನೇ ನೋಡುತ್ತಾ ಕೂರುತ್ತಾರೆ. ಹತ್ತು ಹದಿನೈದು ನಿಮಿಷ ಮಾತ್ರ ಮಾತಾಡಿ. ಎದ್ದ ಕೂಡಲೇ ನರ್ಸಸ್ ರೂಮಿನಲ್ಲಿ ಕೂತು, ಗೆಳತಿಯರ ಜೊತೆ ಹರಟೆ ಶುರುವಾಗುವ ಮೊದಲೇ ಬರೆದುಬಿಡಿ. ರೋಲ್ ಪ್ಲೇ ಆದರೆ ಮೂರನೆಯ ವಿದ್ಯಾರ್ಥಿ ಪಕ್ಕದಲ್ಲಿ ಕೂತು ಬರೆದುಕೊಳ್ಳಬಹುದು. ರೆಕಾರ್ಡ್ ಬುಕ್ಕಿನಲ್ಲಿ ಹೆಸರು, ಊರು ಇದ್ದ ಹಾಗೆ ಹಾಕಬೇಡಿ.

ನಮ್ಮ ಕಡೆ ಮಾತಲ್ಲೇ ಬರೀಬಹುದಾ, ಇಲ್ಲ ಗ್ರಂಥದ ಭಾಷೆಗೆ ತಿದ್ದಬೇಕಾ?

ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. "ರೋಗಿಯು ತನಗೆ ನಿದ್ರಾಹೀನತೆ ಇದೆ ಎಂದು ತಿಳಿಸಿದರು" ಅಂತ ತಿದ್ದಿದರೆ ಆ ಸಾಲಿನಲ್ಲಿ ರೋಗಿಯೇ ಇರುವುದಿಲ್ಲ. ಕಾಲೇಜು ಇಂಗ್ಲಿಷಿನಲ್ಲಿ ಕೇಳಿದರೂ ಮೂಲ ಮಾತನ್ನು ಮೊದಲು ಬರೆದು, ಅನುವಾದವನ್ನು ಕೆಳಗೆ ಕೊಡಿ. ಉರ್ದು ಅಥವಾ ತೆಲುಗಿನಲ್ಲಿ ಮಾತಾಡಿದವರದ್ದೂ ಅಷ್ಟೇ, ಕನ್ನಡ ಲಿಪಿಯಲ್ಲಿ ಹಾಗೇ ಇರಲಿ. ವಿಶ್ಲೇಷಣೆ ಮಾತ್ರ ನಿಮ್ಮ ಬರವಣಿಗೆಯ ಭಾಷೆಯಲ್ಲಿ.

## ಮಾತುಕತೆ ಮತ್ತು ವಿಶ್ಲೇಷಣೆ

ತಪ್ಪಾದ ರೋಲ್ ಪ್ಲೇ ಒಂದು ತೋರಿಸಿ. ನಮಗೆ ನಮ್ಮದೆಲ್ಲ ಸರಿಯೇ ಅನ್ನಿಸ್ತದೆ.

ಸನ್ನಿವೇಶ: ಆಳಂದ ಕಡೆಯ ರೈತ, 46 ವರ್ಷ. ಖಿನ್ನತೆ ಅಂತ ವಾರ್ಡಿಗೆ ಸೇರಿ ಮೂರು ದಿನ. ನೆಟೆ ರೋಗಕ್ಕೆ ತೊಗರಿ ಹೋಗಿದೆ, ಸಾಲ ಇದೆ. ಮಗ್ಗುಲಾಗಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ವಿದ್ಯಾರ್ಥಿನಿ ಮಂಚದ ಕಾಲಿನ ಕಡೆ ಫೈಲ್ ಹಿಡಿದು ನಿಂತಿದ್ದಾಳೆ.

ನರ್ಸ್: ಕಾಕಾ, ಊಟ ಆಯ್ತೇನ್ರಿ?
ರೋಗಿ: ಹೂಂ.
ನರ್ಸ್: ಮತ್ತ ಯಾಕ ಹಿಂಗ ಸಪ್ಪಗ ಮಲ್ಕೊಂಡೀರಿ?
ರೋಗಿ: ಏನಿಲ್ಲವ್ವ, ಸುಮ್ನ.
ನರ್ಸ್: ರಾತ್ರಿ ನಿದ್ದಿ ಬಂತಾ?
ರೋಗಿ: ಎಲ್ಲಿ ನಿದ್ದಿ. ತೊಗರಿ ಎಲ್ಲ ಒಣಗಿ ಹೋಯ್ತು. ಇನ್ನ ಏನ್ ಉಳದಾದ.
ನರ್ಸ್: ಟೆನ್ಶನ್ ತಗೋಬ್ಯಾಡ್ರಿ, ಎಲ್ಲ ಸರಿ ಆಗ್ತದ. ಮುಂದಿನ ವರ್ಷ ಬೆಳಿ ಚಲೋ ಬರ್ತದ. ಮಕ್ಕಳ ಮಾರಿ ನೋಡಿ ಧೈರ್ಯ ತಗೋಬೇಕು.
ರೋಗಿ: ಹೂಂ. ಹೌದವ್ವ.
ನರ್ಸ್: ಗುಳಿಗಿ ತಗೊಂಡ್ರಾ?
ರೋಗಿ: ತಗೊಂಡೆ.

ಕೆಟ್ಟ ಮಾತು ಒಂದೂ ಇಲ್ಲ ಅಲ್ವಾ? ಹುಡುಗಿ ಕಾಳಜಿಯಿಂದಲೇ ಮಾತಾಡಿದ್ದಾಳೆ. ಈಗ ನರ್ಸಿನ ಸಾಲುಗಳನ್ನು ಕೈಯಿಂದ ಮುಚ್ಚಿ, ರೋಗಿಯ ಸಾಲುಗಳನ್ನು ಮಾತ್ರ ಓದಿ. ಐದು ಉತ್ತರದಲ್ಲಿ ನಾಲ್ಕು, ಒಂದೆರಡು ಪದದಲ್ಲೇ ಮುಗಿದಿವೆ. ಹೂಂ ಅಥವಾ ಇಲ್ಲ ಅಂದರೆ ಸಾಕಾಗುವ ಪ್ರಶ್ನೆಗೆ ಹೂಂ ಅನ್ನುವ ಉತ್ತರವೇ ಬರುತ್ತದೆ. "ಯಾಕ" ಅಂತ ಕೇಳಿದರೆ ಅವರು ಕಾರಣ ಒಪ್ಪಿಸಬೇಕು, ಖಿನ್ನತೆಯಲ್ಲಿರುವವರಿಗೆ ಅದು ವಿಚಾರಣೆಯ ಹಾಗೆ ಕೇಳಿಸುತ್ತದೆ. ಅದಕ್ಕೇ "ಏನಿಲ್ಲವ್ವ" ಅಂದರು.

ಆದರೂ ಒಂದು ಸಲ ಅವರಾಗಿಯೇ ಬಾಯಿ ಬಿಟ್ಟರು: "ಇನ್ನ ಏನ್ ಉಳದಾದ." ಇಡೀ ಮಾತುಕತೆಯಲ್ಲಿ ಮುಖ್ಯವಾದ ಸಾಲು ಇದು, ನಿರಾಶೆಯ ಮಾತು. ಅದಕ್ಕೆ ಸಿಕ್ಕಿದ್ದು ಹುಸಿ ಭರವಸೆ. ಮುಂದಿನ ವರ್ಷದ ಬೆಳೆ ಯಾರಿಗೆ ಗೊತ್ತು? ಜೊತೆಗೆ ಉಪದೇಶ. ನಂತರದ "ಹೂಂ, ಹೌದವ್ವ" ಅನ್ನುವುದನ್ನು ಸುಮಾರು ವಿದ್ಯಾರ್ಥಿಗಳು "ರೋಗಿ ಒಪ್ಪಿಕೊಂಡರು" ಅಂತ ಬರೆಯುತ್ತಾರೆ. ಅದು ಒಪ್ಪಿಗೆ ಅಲ್ಲ. ಮಾತು ಮುಗಿಸಲು ದೊಡ್ಡವರು ಸಣ್ಣವರಿಗೆ ತೋರಿಸುವ ಮರ್ಯಾದೆ ಅದು. ಆಮೇಲೆ ಅವಳೂ ಗುಳಿಗೆಯ ಕಡೆ ತಿರುಗಿದಳು.

ಹಾಗಾದರೆ ಅದೇ ರೋಗಿ ಜೊತೆ ಸರಿಯಾದ ಮಾತುಕತೆ ಹೇಗಿರ್ತದೆ?

ಪೂರ್ತಿ ಸರಿ ಅನ್ನುವುದು ಇರುವುದಿಲ್ಲ. ಇದರಲ್ಲೂ ಒಂದು ಊಹೆ ತಪ್ಪಿದೆ, ಬೇಕಂತಲೇ ಬಿಟ್ಟಿದ್ದೇನೆ. ಸಾಲಿಗೆ ನಂಬರ್ ಹಾಕಿಕೊಳ್ಳಿ, ವಿಶ್ಲೇಷಣೆಗೆ ಅನುಕೂಲ.

ನ1: (ಸ್ಟೂಲ್ ಎಳೆದು, ಸುಮಾರು ಮೂರು ಅಡಿ ದೂರದಲ್ಲಿ ಸ್ವಲ್ಪ ಓರೆಯಾಗಿ ಕೂತು) ನಮಸ್ಕಾರ್ರಿ ಕಾಕಾ. ನಿನ್ನೆ ಬಂದಿದ್ದೆ ನೋಡ್ರಿ, ನರ್ಸಿಂಗ್ ಸ್ಟೂಡೆಂಟ್. ಹನ್ನೊಂದರ ತನಕ ಇಲ್ಲೇ ಕುಂದ್ರತೀನಿ. ಮಾತಾಡ್ಬೇಕು ಅನಿಸಿದ್ರ ಮಾತಾಡ್ರಿ, ಇಲ್ಲಂದ್ರ ಸುಮ್ನ ಕುಂದ್ರೋಣು.
ರ1: (ಒಮ್ಮೆ ತಿರುಗಿ ನೋಡಿ) ಕುಂದ್ರವ್ವ.
ನ2: ರೊಟ್ಟಿ ತಾಟನ್ಯಾಗ ಹಂಗೇ ಅದ ಕಾಕಾ.
ರ2: ಒಳಗ ಇಳಿಯಂಗಿಲ್ಲವ್ವ.
ನ3: (ಸುಮ್ಮನೆ ಕೂತಿದ್ದಾಳೆ, ಸುಮಾರು 20 ಸೆಕೆಂಡ್)
ರ3: ಮುಂಜಾನಿ ನಾಕಕ್ಕೇ ಎಚ್ಚರ ಆಗ್ತದ. ಆಗಿಂದ ಹೊಲಾನೇ ಕಣ್ಮುಂದ. ತೊಗರಿ ಹೂವಿಗಿ ಬಂದಿತ್ತು. ನಿಂತಲ್ಲೇ ಒಣಗ್ತು.
ನ4: ಹೂವಿಗಿ ಬಂದಿದ್ದು ನಿಂತಲ್ಲೇ ಒಣಗ್ತು.
ರ4: ನೆಟಿ ರೋಗ. ಬ್ಯಾಂಕಿಂದು ಅದ, ಹೊರಗಿನ ಸಾಲಾನೂ ಅದ. ಈ ವರ್ಷ ಮಗಳ ಲಗ್ನ ಮಾಡ್ತೀನಂದಿದ್ದೆ. ಯಾವ ಮಾರಿ ಹೊತ್ಕೊಂಡು ಊರಿಗಿ ಹೋಗ್ಲಿ?
ನ5: ಕೊಟ್ಟ ಮಾತು ತಪ್ತು ಅಂತ ನಾಚಿಕಿ ಆಗ್ಯಾದೇನೋ ಅನಿಸ್ತದ್ರಿ ನನಗ.
ರ5: (ಟವೆಲ್ಲಿನಿಂದ ಕಣ್ಣು ಒರೆಸಿ) ನಾಚಿಕಿ ಅಲ್ಲವ್ವ. ನಾ ಇರೋದೇ ಅವ್ರಿಗಿ ಭಾರ. ನಾ ಇರ್ಲಿಲ್ಲಂದ್ರ ಹಗುರ ಆಗ್ತದ.
ನ6: (ದನಿ ಏರಿಸದೆ) ಇರ್ಲಿಲ್ಲಂದ್ರ ಅಂದ್ರಿ. ಸಾಯ್ಬೇಕು ಅಂತ ವಿಚಾರ ಬರ್ತದೇನ್ರಿ ಕಾಕಾ?
ರ6: (ತಡೆದು) ಬರ್ತದ. ಆ ನಾಕರ ಹೊತ್ತಿಗಿ ಬರ್ತದ.

ಇದನ್ನ ಸಾಲು ಸಾಲಾಗಿ ವಿಶ್ಲೇಷಣೆ ಮಾಡೋದು ಹೇಗೆ? ಟೆಕ್ನಿಕ್ ಹೆಸರು ಬರೆದರೆ ಸಾಕಾ?

ಸಾಕಾಗುವುದಿಲ್ಲ. ಹೆಸರು ಬರೆಯುವುದು ಡಬ್ಬಿಗೆ ಚೀಟಿ ಅಂಟಿಸಿದಂತೆ, ಒಳಗೇನಿದೆ ಅಂತ ಯಾರೂ ನೋಡಿರುವುದಿಲ್ಲ. ನನ್ನ ನಿಯಮ ಒಂದೇ: ನಿಮ್ಮ ಮಾತು ಕೆಲಸ ಮಾಡಿತಾ ಅನ್ನುವುದಕ್ಕೆ ಸಾಕ್ಷಿ ರೋಗಿಯ ಮುಂದಿನ ಸಾಲು. ಅದನ್ನು ಉಲ್ಲೇಖಿಸದ ವಿಶ್ಲೇಷಣೆ ಅರ್ಧ.

ನ1 ತನ್ನನ್ನು ಒಪ್ಪಿಸಿಕೊಳ್ಳುವ ಟೆಕ್ನಿಕ್, ಅಂದರೆ ಆಫರಿಂಗ್ ಸೆಲ್ಫ್. ಅವಳು ಹೊತ್ತು ಹೇಳಿದ್ದಾಳೆ, ಮಾತಾಡಲೇಬೇಕು ಅನ್ನುವ ಒತ್ತಾಯ ತೆಗೆದಿದ್ದಾಳೆ. ಖಿನ್ನತೆಯಲ್ಲಿ ಯೋಚನೆಯೂ ಮಾತೂ ನಿಧಾನ, ಒತ್ತಾಯ ಮಾಡಿದರೆ ಇನ್ನೂ ಮುದುಡುತ್ತಾರೆ. ಸಾಕ್ಷಿ ರ1: ಒಂದೇ ಪದ, ಆದರೆ ಗೋಡೆಯಿಂದ ಮುಖ ತಿರುಗಿತು. ಇದನ್ನು ಬರೆಯದಿದ್ದರೆ ಇಡೀ ಸಾಲು ವ್ಯರ್ಥ.

ನ2 ಕಂಡದ್ದನ್ನು ಹೇಳುವುದು. ಪ್ರಶ್ನೆ ಇಲ್ಲ, ತಪ್ಪು ಹೊರಿಸಿಲ್ಲ. ಮೊದಲ ರೋಲ್ ಪ್ಲೇಯ "ಊಟ ಆಯ್ತೇನ್ರಿ" ಜೊತೆ ಹೋಲಿಸಿ. ಅಲ್ಲಿ "ಹೂಂ" ಅಂದವರು ಇಲ್ಲಿ "ಒಳಗ ಇಳಿಯಂಗಿಲ್ಲ" ಅಂದರು. ಹಸಿವು ಕಡಿಮೆಯಾಗಿದೆ ಅನ್ನುವ ಮಾಹಿತಿ ಇಲ್ಲಿ ಸಿಕ್ಕಿತು.

ನ3 ಮೌನ. ನ4 ಅವರ ಮಾತನ್ನೇ ಮರಳಿಸಿದ್ದು. ಅದರ ಫಲ ರ4ರಲ್ಲಿ ಇದೆ: ಹೊಲದಿಂದ ಸಾಲಕ್ಕೆ, ಸಾಲದಿಂದ ಮಗಳ ಲಗ್ನಕ್ಕೆ, ಅಲ್ಲಿಂದ ಊರಿನವರಿಗೆ ಮುಖ ತೋರಿಸುವ ಕಷ್ಟಕ್ಕೆ ಅವರೇ ಬಂದರು. ನರ್ಸ್ ಎಲ್ಲೂ ಎಳೆದು ತಂದಿಲ್ಲ. ಬೆಳಗಿನ ಜಾವ ಎಚ್ಚರವಾಗುವುದು, ಆ ಹೊತ್ತಿಗೇ ಮನಸ್ಸು ಹೆಚ್ಚು ಕೆಡುವುದು ತೀವ್ರ ಖಿನ್ನತೆಯಲ್ಲಿ ಕಾಣುವ ಲಕ್ಷಣಗಳು. ರ3ರ ಪಕ್ಕ ಅದನ್ನು ಗುರುತು ಹಾಕಿ.

ಈಗ ನ5, ಭಾವನೆಯನ್ನು ಪ್ರತಿಫಲಿಸುವ ಪ್ರಯತ್ನ. ಇಲ್ಲೇ ಊಹೆ ತಪ್ಪಿದ್ದು. ಅವಳು ನಾಚಿಕೆ ಅಂದಳು, ಅವರು ಅಲ್ಲ ಅಂದರು. ಆದರೆ ಅವಳು "ನಿಮಗ ನಾಚಿಕಿ ಆಗ್ಯಾದ" ಅಂತ ತೀರ್ಪು ಕೊಡಲಿಲ್ಲ. "ಅನಿಸ್ತದ್ರಿ ನನಗ" ಅಂದಳು. ತಿದ್ದಲು ಜಾಗ ಇತ್ತು, ಅವರು ತಿದ್ದಿದರು, ತಿದ್ದುತ್ತಲೇ ಒಳಗಿನ ಮಾತು ಹೊರಬಂತು. ಇಂಥ ಕಡೆ ವಿದ್ಯಾರ್ಥಿಗಳು ಸಾಲನ್ನೇ ಬದಲಿಸಿ ಬರೆಯುತ್ತಾರೆ, ಮಾರ್ಕ್ಸ್ ಹೋದಾವು ಅಂತ. ಬದಲಿಸಬೇಡಿ. ಊಹೆ ಯಾಕೆ ತಪ್ಪಿತು, ರೋಗಿ ಹೇಗೆ ತಿದ್ದಿದರು ಅಂತ ಬರೆದರೆ ಅದೇ ಒಳ್ಳೆಯ ವಿಶ್ಲೇಷಣೆ.

ರೀಸ್ಟೇಟಿಂಗ್, ರಿಫ್ಲೆಕ್ಟಿಂಗ್ ಎರಡೂ ಒಂದೇ ಅನ್ನಿಸ್ತದೆ. ವೈವಾದಲ್ಲಿ ಕೇಳ್ತಾರೆ.

ಮೇಲಿನ ನ4 ರೀಸ್ಟೇಟಿಂಗ್: ರೋಗಿ ಆಡಿದ ಮಾತಿನ ತಿರುಳನ್ನೇ ಮತ್ತೆ ಹೇಳಿದ್ದು. ನ5 ರಿಫ್ಲೆಕ್ಟಿಂಗ್: ಅವರು ಹೆಸರಿಸದ ಭಾವನೆಯನ್ನು ಹೆಸರಿಸಿದ್ದು. ವೈವಾದಲ್ಲಿ ಉದಾಹರಣೆ ಕೊಟ್ಟುಬಿಡಿ, ವ್ಯಾಖ್ಯೆಗಿಂತ ಬೇಗ ಮುಗಿಯುತ್ತದೆ. ರೀಸ್ಟೇಟಿಂಗ್ ಜಾಸ್ತಿ ಆದರೆ ರೋಗಿಗೆ ಸಿಟ್ಟು ಬರುತ್ತದೆ, ಅಣಕಿಸಿದ ಹಾಗೆ ಕೇಳುತ್ತದೆ.

ಸೈಲೆನ್ಸ್ ಅಂದ್ರೆ ಎಷ್ಟು ಹೊತ್ತು? ಸುಮ್ನೆ ಕೂತರೆ ಮಾತು ಗೊತ್ತಿಲ್ಲ ಅಂದ್ಕೊಳ್ಳಲ್ವಾ?

ಗಡಿಯಾರದ ಲೆಕ್ಕ ಇಲ್ಲ. ರೋಗಿಯ ಮೈ ನೋಡಿ. ಕಣ್ಣು ಒಂದೇ ಕಡೆ ನಿಂತಿದೆ, ತುಟಿ ಅಲುಗುತ್ತಿದೆ, ಉಸಿರು ದೀರ್ಘ ಆಗಿದೆ ಅಂದರೆ ಒಳಗೆ ಕೆಲಸ ನಡೆದಿದೆ, ಕಾಯಿರಿ. ಬೆರಳು ಚಡಪಡಿಸುತ್ತಿದೆ, ಬಾಗಿಲ ಕಡೆ ನೋಡುತ್ತಿದ್ದಾರೆ ಅಂದರೆ ಮೌನ ಅವರಿಗೆ ಭಾರವಾಗಿದೆ, ಸಣ್ಣ ಮಾತು ಹಾಕಿ. ಸಂಶಯ ಜಾಸ್ತಿ ಇರುವ ರೋಗಿಯ ಮುಂದೆ ಉದ್ದ ಮೌನ ಬೇಡ, ನೀವು ಏನೋ ಲೆಕ್ಕ ಹಾಕುತ್ತಿದ್ದೀರಿ ಅನ್ನಿಸಬಹುದು. ರೋಲ್ ಪ್ಲೇಯಲ್ಲಿ ಗೆಳತಿಯರು ಕಿಸಕ್ಕನೆ ನಗುವುದು ಈ ಮೌನದಲ್ಲೇ, ಅದಕ್ಕೆ ಮೊದಲೇ ಅಭ್ಯಾಸ ಮಾಡಿ.

ನೇರ ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಅಂತ ಪುಸ್ತಕ ಹೇಳ್ತದೆ. ಗಂಡಸರ ವಾರ್ಡಲ್ಲಿ ನಮಗೆ ಮುಜುಗರ ಆಗ್ತದೆ.

ಅದು ಜೆರಾರ್ಡ್ ಈಗನ್ ಕೊಟ್ಟ ಸೋಲರ್ ಸೂತ್ರ: ಎದುರಾಗಿ ಕೂರು, ಮೈ ತೆರೆದಿಡು, ಸ್ವಲ್ಪ ಮುಂದೆ ಬಾಗು, ಕಣ್ಣು ನೋಡು, ಸಡಿಲವಾಗಿರು. ಅದು ಗಮನ ಕೊಡುವ ದಾರಿ, ಕವಾಯತು ಅಲ್ಲ. ನಮ್ಮ ಕಡೆ ಚಿಕ್ಕ ವಯಸ್ಸಿನ ಹುಡುಗಿ ಹಿರಿಯ ಗಂಡಸನ್ನು ದಿಟ್ಟಿಸಿದರೆ ಇಬ್ಬರಿಗೂ ಇರುಸುಮುರುಸು. ಓರೆಯಾಗಿ ಕೂತು, ಮಾತಾಡುವಾಗ ಮುಖ ನೋಡಿ, ನಡುನಡುವೆ ಕಣ್ಣು ತಗ್ಗಿಸಿದರೆ ಸಾಕು. ಯಾಕೆ ಹಾಗೆ ಕೂತಿರಿ ಅಂತ ವಿಶ್ಲೇಷಣೆಯಲ್ಲಿ ಒಂದು ಸಾಲು ಹಾಕಿ. "ಕಾಕಾ" ಅನ್ನುವುದೂ ಸರಿಯೇ, ಆದರೆ ಮೊದಲ ದಿನವೇ ಹೇಗೆ ಕರೆಯಲಿ ಅಂತ ಕೇಳಿಕೊಂಡಿರಬೇಕು. ಕೆಲವರಿಗೆ ಹೆಸರಿನ ಮುಂದೆ "ಅವರೇ" ಬೇಕು, ಕೆಲವರಿಗೆ "ಸರ್".

## ಕಷ್ಟದ ಜಾಗಗಳು

ಸಾಯೋ ವಿಚಾರ ಬರ್ತದಾ ಅಂತ ನೇರ ಕೇಳಿದರೆ ನಾವೇ ತಲೆಗೆ ತುಂಬಿದ ಹಾಗೆ ಆಗಲ್ವಾ?

ಆಗುವುದಿಲ್ಲ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಇದ್ದರೆ ಹೇಳಲು ದಾರಿ ಸಿಗುತ್ತದೆ. ರ5 ನಂತರ ಕೇಳದೆ ಬಿಟ್ಟರೆ ಅದೇ ದೊಡ್ಡ ತಪ್ಪು. "ಅಂಥಾದ್ದೇನೂ ವಿಚಾರ ಇಲ್ಲ ಅಲ್ರಿ?" ಅಂತ ಕೇಳಬೇಡಿ, ಇಲ್ಲ ಅನ್ನುವ ಉತ್ತರ ಆ ಪ್ರಶ್ನೆಯಲ್ಲೇ ಇದೆ. ನ6ರ ಹಾಗೆ ಅವರ ಮಾತನ್ನೇ ಹಿಡಿದು, ನೇರ ಕೇಳಿ.

ಹೌದು ಅಂದ ಮೇಲೆ ರೋಲ್ ಪ್ಲೇ ಅಲ್ಲಿಗೆ ಮುಗಿಸಬೇಡಿ. ಮುಂದಿನ ಸಾಲು ಹೀಗಿರಬಹುದು:

ನ7: ಇಂಥ ಮಾತು ಹೇಳೋದು ಸುಲಭ ಇಲ್ರಿ ಕಾಕಾ. ಇದು ನನ್ನೊಬ್ಬಕಿ ಹತ್ರ ಇಟ್ಕೊಳ್ಳೋ ಮಾತಲ್ಲ. ಡ್ಯೂಟಿ ಸಿಸ್ಟರ್‌ಗಿ, ಡಾಕ್ಟರ್‌ಗಿ ಹೇಳ್ತೀನಿ, ಆ ನಾಕರ ಹೊತ್ತಿಗಿ ನಿಮ್ಮ ಹತ್ರ ಯಾರರೆ ಇರ್ಲಾಕ. ಈಗ ಇಲ್ಲಿಂದಾನೇ ಸಿಸ್ಟರ್‌ಗಿ ಕರಿತೀನಿ.
ರ7: ಕರಿಯವ್ವ.

ಬಿಟ್ಟು ಓಡಲಿಲ್ಲ, ಕೂತಲ್ಲಿಂದಲೇ ಕರೆದಳು. ಉಪಾಯ ಏನಾದರೂ ಯೋಚಿಸಿದ್ದಾರಾ, ಹಿಂದೆ ಪ್ರಯತ್ನ ಆಗಿತ್ತಾ, ಅವರನ್ನು ತಡೆದು ಹಿಡಿದಿರುವುದು ಏನು ಅನ್ನುವ ಪೂರ್ತಿ ತಪಾಸಣೆ ಸಿಸ್ಟರ್ ಮತ್ತು ಡಾಕ್ಟರದ್ದು. ವಿದ್ಯಾರ್ಥಿ ಅದನ್ನು ಒಬ್ಬಳೇ ಮಾಡಬಾರದು. ನಿಮ್ಮ ನರ್ಸಿಂಗ್ ಕ್ರಮದಲ್ಲಿ "ಬೆಳಗಿನ ಜಾವ ಹತ್ತಿರದ ನಿಗಾ" ಅಂತ ಬರೆಯಬೇಕು, ಯಾಕೆಂದರೆ ಹೊತ್ತನ್ನು ರೋಗಿಯೇ ಹೇಳಿದ್ದಾರೆ. ಡಿಸ್ಚಾರ್ಜ್ ಮಾತಿನಲ್ಲಿ ಮನೆಯವರಿಗೆ ಎರಡು ವಿಷಯ: ಹೊಲದ ಔಷಧಿಯನ್ನು ಮನೆಯಲ್ಲಿ ಅವರ ಕೈಗೆ ಸಿಗುವಂತೆ ಇಡಬಾರದು, ಮತ್ತು ಟೆಲಿ ಮಾನಸ್ ಸಹಾಯವಾಣಿ 14416. ಆ ನಂಬರಿಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಇದನ್ನು ಓದುತ್ತಿರುವ ನಿಮಗೂ ಬೇಕಾದರೆ ಅದೇ ನಂಬರ್.

"ಯಾರಿಗೂ ಹೇಳಬ್ಯಾಡವ್ವ" ಅಂದರೆ ಏನು ಮಾಡೋದು? ಮಾತು ಕೊಟ್ಟರೆ ನಂಬಿಕೆ ಬರ್ತದಲ್ಲ.

ಆ ಮಾತು ಕೊಡಲೇಬೇಡಿ. ಕೊಟ್ಟು ಮುರಿದರೆ ನಂಬಿಕೆ ಹೋಗುತ್ತದೆ, ಕೊಟ್ಟು ಉಳಿಸಿಕೊಂಡರೆ ಜೀವಕ್ಕೇ ಅಪಾಯ ಆಗಬಹುದು. ಗೌಪ್ಯತೆಯ 23ನೇ ಕಲಂ ಕೂಡ ಆರೈಕೆ ಮಾಡುವ ತಂಡಕ್ಕೆ ತಿಳಿಸುವುದಕ್ಕೆ, ಜೀವಕ್ಕೆ ಅಪಾಯ ತಡೆಯುವುದಕ್ಕೆ ವಿನಾಯಿತಿ ಕೊಟ್ಟಿದೆ. "ನಿಮ್ಮ ಜೀವಕ್ಕ ಸಂಬಂಧಪಟ್ಟಿದ್ದು ಸಿಸ್ಟರ್‌ಗಿ ಹೇಳ್ತೀನಿ, ಉಳಿದ ಮಾತು ವಾರ್ಡಿನ ಹೊರಗ ಹೋಗಂಗಿಲ್ಲ" ಅಂತ ಮೊದಲ ದಿನವೇ ಹೇಳಿಟ್ಟರೆ ಈ ಇಕ್ಕಟ್ಟು ಬರುವುದೇ ಕಡಿಮೆ.

ರೋಗಿಗೆ ಕೇಳಿದರೆ ಪಕ್ಕದಲ್ಲಿ ಕೂತ ಹೆಂಡತಿಯೋ ಅಣ್ಣನೋ ಉತ್ತರ ಹೇಳ್ತಾರೆ. ಹೊರಗೆ ಹೋಗ್ರಿ ಅನ್ನಕ್ಕಾಗಲ್ಲ.

ಅನ್ನಬೇಕಾಗಿಲ್ಲ. ಮೊದಲು ಅವರಿಗೇ ಎರಡು ನಿಮಿಷ ಕೊಡಿ, ಅವರ ಹತ್ತಿರವೂ ಹೇಳುವುದು ಇರುತ್ತದೆ. ಆಮೇಲೆ "ಅಕ್ಕಾ, ನೀವು ಚಹಾ ಕುಡ್ದು ಬರ್ರಿ, ಅಲ್ಲಿತನಕ ನಾ ಕಾಕಾರ ಹತ್ರ ಇರ್ತೀನಿ" ಅಂದರೆ ಖುಷಿಯಿಂದ ಏಳುತ್ತಾರೆ, ರಾತ್ರಿಯಿಡೀ ಕೂತವರು ಅಲ್ವಾ. ಹೋಗಲು ಒಪ್ಪದಿದ್ದರೆ, ಅವರು ಉತ್ತರ ಹೇಳಿದಾಗ ತಲೆಯಾಡಿಸಿ, ರೋಗಿಯ ಕಡೆ ತಿರುಗಿ "ಅಕ್ಕೋರು ಹಿಂಗ ಅಂತಾರ, ನಿಮಗ ಹ್ಯಾಂಗ ಅನಿಸ್ತದ್ರಿ?" ಅಂತ ಕೇಳಿ. ಇದನ್ನೂ ಪ್ರೋಸೆಸ್ ರೆಕಾರ್ಡಿಂಗ್‌ನಲ್ಲಿ ಬರೆಯಿರಿ. ಯಾರು ಯಾರ ಬದಲು ಮಾತಾಡುತ್ತಾರೆ ಅನ್ನುವುದೂ ಮಾಹಿತಿಯೇ.

ಇಲ್ಲದ ದನಿ ಕೇಳಿಸ್ತದೆ ಅನ್ನೋ ರೋಗಿಗೂ ಇದೇ ಟೆಕ್ನಿಕ್ ನಡೀತದಾ?

ಕೆಲವು ನಡೆಯುತ್ತವೆ, ರೀಸ್ಟೇಟಿಂಗ್ ಮಾತ್ರ ಹುಷಾರು. "ಆ ದನಿ ನಿಮಗ ಬೈತದ" ಅಂತ ಮರಳಿಸಿದರೆ ದನಿ ನಿಜ ಅಂತ ನೀವೂ ಒಪ್ಪಿದ ಹಾಗೆ. "ಯಾವ ದನೀನೂ ಇಲ್ಲ, ಭ್ರಮೆ" ಅಂತ ವಾದಕ್ಕೆ ಇಳಿದರೂ ಕೆಟ್ಟಿತು. "ನನಗ ಆ ದನಿ ಕೇಳಂಗಿಲ್ರಿ. ನಿಮಗ ಕೇಳಸ್ತದ, ಅದಕ್ಕ ಅಂಜಿಕಿ ಆಗ್ಯಾದ ಅಂತ ಕಾಣ್ತದ" ಅನ್ನಿ. ಇದು ವಾಸ್ತವ ತಿಳಿಸುವ ಟೆಕ್ನಿಕ್. ಜೊತೆಗೆ ಆ ದನಿ ಏನಾದರೂ ಮಾಡು ಅಂತ ಹೇಳುತ್ತದಾ ಅಂತ ಕೇಳಲೇಬೇಕು. ತನಗೆ ಅಥವಾ ಬೇರೆಯವರಿಗೆ ಹಾನಿ ಮಾಡು ಅನ್ನುತ್ತಿದ್ದರೆ ನ7ರಂತೆ ಕೂಡಲೇ ಸಿಸ್ಟರಿಗೆ ತಿಳಿಸಿ.

ಹತ್ತು ಟೆಕ್ನಿಕ್ ಹಾಕಿದ್ದೆ, ಆದರೂ ರೆಕಾರ್ಡ್ ವಾಪಸ್ ಕೊಟ್ಟರು. ಯಾಕೆ?

ಹತ್ತು ಹಾಕಿದ್ದಕ್ಕೇ ಇರಬೇಕು. ಹದಿನೈದು ನಿಮಿಷದ ನಿಜವಾದ ಮಾತುಕತೆಯಲ್ಲಿ ನಾಲ್ಕೈದು ಟೆಕ್ನಿಕ್ ಮತ್ತೆ ಮತ್ತೆ ಬರುತ್ತವೆ. ಪುಸ್ತಕದ ಪಟ್ಟಿಯ ಕ್ರಮದಲ್ಲೇ ಟೆಕ್ನಿಕ್ ಬಂದಿದ್ದರೆ, ರೋಗಿ ಪ್ರತಿ ಸಾಲಿಗೂ ಉದ್ದುದ್ದ ಉತ್ತರ ಕೊಟ್ಟಿದ್ದರೆ, ಒಂದೂ ತಪ್ಪು ಇಲ್ಲದಿದ್ದರೆ, ಅದು ಹಾಸ್ಟೆಲಿನಲ್ಲಿ ಕೂತು ಬರೆದದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ತಿದ್ದುವುದು ಹೀಗೆ: ಮೂರು ಸಾಲು ಆರಿಸಿ, ಚೆನ್ನಾಗಿ ಹೋದದ್ದು ಎರಡು, ಕೆಟ್ಟದ್ದು ಒಂದು. ಕೆಟ್ಟ ಸಾಲಿನ ಬದಲು ಏನು ಹೇಳಬಹುದಿತ್ತು ಅಂತ ಪೂರ್ತಿ ವಾಕ್ಯದಲ್ಲಿ, ನೀವು ಆಡುವ ಮಾತಲ್ಲೇ ಬರೆಯಿರಿ. ಮರುದಿನ ಅದೇ ರೋಗಿಯ ಹತ್ತಿರ ಹೋಗಿ, ಆ ಮಾತನ್ನು ಆಡಿ ನೋಡಿ, ಅವರು ಏನಂದರು ಅಂತ ಅದರ ಕೆಳಗೆ ಸೇರಿಸಿ.